ಚಾಲ್ತಿ ಅನುಪಾತ 1.6 ಇದೆ, ಆದರೆ ಏಪ್ರಿಲ್ 7ರ ಸಂಬಳಕ್ಕೆ ಹಣವಿಲ್ಲ: ದೋಷ ಹುಡುಕುವ ಕ್ರಮ

ಲಕ್ಷಣ

ಬ್ಯಾಲೆನ್ಸ್ ಶೀಟ್ ನೋಡಿದರೆ ಸಂಸ್ಥೆ ಗಟ್ಟಿಯಾಗಿದೆ. ಚಾಲ್ತಿ ಅನುಪಾತ ಬ್ಯಾಂಕು ಕೇಳುವ 1.33ಕ್ಕಿಂತ ಮೇಲಿದೆ. ಲಾಭವೂ ಬಂದಿದೆ. ಆದರೂ ತಿಂಗಳ ಮೊದಲ ವಾರ ಬಂತೆಂದರೆ ಮಾಲೀಕರ ಮೊಬೈಲ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಗುಜರಿ ಪೂರೈಸುವವನು ಹಳೆಯ ಬಾಕಿ ಕೊಡದೆ ಹೊಸ ಲೋಡ್ ಇಳಿಸುವುದಿಲ್ಲ ಎನ್ನುತ್ತಾನೆ, ಮಿತಿಯೊಳಗೆ ಬೇಕಾದಾಗ ಎಳೆದುಕೊಳ್ಳುವ ಬ್ಯಾಂಕ್ ಸಾಲವಾದ ಕ್ಯಾಶ್ ಕ್ರೆಡಿಟ್ ಖಾತೆಯ ಮೇಲೆ ಬರೆದ ಚೆಕ್ ಹಿಂದಕ್ಕೆ ಬರುತ್ತದೆ. ಲೆಕ್ಕಪತ್ರದ ಅಂಕಿಯೂ ಗಲ್ಲಾಪೆಟ್ಟಿಗೆಯೂ ಬೇರೆ ಬೇರೆ ಕಥೆ ಹೇಳುತ್ತಿವೆ ಎಂದಾದರೆ ದೋಷ ಎಲ್ಲೋ ನಡುವೆ ಇದೆ. ಅದನ್ನು ಹುಡುಕುವ ಕ್ರಮ ಇಲ್ಲಿದೆ.

ಬರೀ ಸೂತ್ರಗಳನ್ನು ಹಿಡಿದು ಮಾತಾಡಿದರೆ ಪ್ರಯೋಜನವಿಲ್ಲ. ಆದ್ದರಿಂದ ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶದಲ್ಲಿ ಕಬ್ಬಿಣದ ಎರಕ ಮಾಡುವ ಒಂದು ಸಣ್ಣ ಫೌಂಡ್ರಿಯನ್ನು ಲೆಕ್ಕಕ್ಕಾಗಿ ಕಟ್ಟಿಕೊಂಡಿದ್ದೇನೆ. ಅಂಕಿಗಳು ಉದಾಹರಣೆಗಾಗಿ ಆರಿಸಿಕೊಂಡವು; ಅವುಗಳೊಳಗಿನ ರೋಗ ಮಾತ್ರ ಸಣ್ಣ ಉದ್ಯಮಗಳಲ್ಲಿ ಪದೇ ಪದೇ ಕಾಣುವಂಥದ್ದು. ವರ್ಷದ ಮಾರಾಟ 480 ಲಕ್ಷ ರೂಪಾಯಿ. ಮಾರ್ಚ್ 31ರಂದು ಚಾಲ್ತಿ ಬಾಬ್ತುಗಳು ಹೀಗಿವೆ (ಲಕ್ಷ ರೂಪಾಯಿಗಳಲ್ಲಿ):

| ಚಾಲ್ತಿ ಆಸ್ತಿ | | ಚಾಲ್ತಿ ಹೊಣೆ | |
|---|---|---|---|
| ದಾಸ್ತಾನು | 120 | ಕ್ಯಾಶ್ ಕ್ರೆಡಿಟ್ | 70 |
| ಗಿರಾಕಿಗಳಿಂದ ಬರಬೇಕಾದದ್ದು | 100 | ಪೂರೈಕೆದಾರರಿಗೆ ಕೊಡಬೇಕಾದದ್ದು | 60 |
| ನಗದು ಮತ್ತು ಬ್ಯಾಂಕ್ | 6 | ಸಂಬಳ, ಪಿಎಫ್, ಜಿಎಸ್‌ಟಿ, ವಿದ್ಯುತ್ | 12 |
| ಮುಂಗಡ, ಠೇವಣಿ, ಜಿಎಸ್‌ಟಿ ಜಮೆ | 14 | ಗಿರಾಕಿಗಳು ಕೊಟ್ಟ ಮುಂಗಡ | 8 |
| ಒಟ್ಟು | 240 | ಒಟ್ಟು | 150 |

ಚಾಲ್ತಿ ಆಸ್ತಿಯನ್ನು ಚಾಲ್ತಿ ಹೊಣೆಯಿಂದ ಭಾಗಿಸಿದರೆ ಚಾಲ್ತಿ ಅನುಪಾತ: 240 ÷ 150 = 1.60. ಒಂದು ವರ್ಷದೊಳಗೆ ತೀರಿಸಬೇಕಾದ ಪ್ರತಿ ರೂಪಾಯಿಗೆ, ಒಂದು ವರ್ಷದೊಳಗೆ ನಗದಾಗುವ ಒಂದು ರೂಪಾಯಿ ಅರವತ್ತು ಪೈಸೆ ಇದೆ ಎಂದು ಇದರ ಅರ್ಥ.

ತ್ವರಿತ ಅನುಪಾತದಲ್ಲಿ ದಾಸ್ತಾನನ್ನು ಬಿಟ್ಟು ಲೆಕ್ಕ ಹಾಕುತ್ತಾರೆ. ಇಲ್ಲೇ ಮೊದಲ ಗೊಂದಲ ಶುರುವಾಗುತ್ತದೆ. ಒಟ್ಟು ಆಸ್ತಿಯಿಂದ ದಾಸ್ತಾನನ್ನು ಮಾತ್ರ ಕಳೆದರೆ 120 ÷ 150 = 0.80. ನಗದನ್ನೂ ಗಿರಾಕಿ ಬಾಕಿಯನ್ನೂ ಮಾತ್ರ ಕೂಡಿಸಿದರೆ 106 ÷ 150 = 0.71. ಎರಡು ಉತ್ತರಗಳ ನಡುವೆ ಇರುವುದು ಆ 14 ಲಕ್ಷದ ಮುಂಗಡ ಮತ್ತು ಠೇವಣಿ. ಮೊದಲ ವಿಧಾನ ಸುಲಭ, ಎರಡನೆಯದು ಸತ್ಯಕ್ಕೆ ಹತ್ತಿರ. ಹೆಸ್ಕಾಂನಲ್ಲಿ ಇಟ್ಟ ಠೇವಣಿಯಿಂದ ಯಾರ ಸಂಬಳವನ್ನೂ ಕೊಡಲಾಗದು. ಆದ್ದರಿಂದ ಮುಂದೆ ಎರಡನೆಯದನ್ನೇ ಹಿಡಿಯುತ್ತೇನೆ.

ಮೊದಲ ಪರೀಕ್ಷೆ: 1.33 ಎಂಬ ಗೆರೆ ಎಲ್ಲಿಂದ ಬಂತು?

ಅನುಪಾತ 1.33 ದಾಟಿದ್ದರೆ ತೊಂದರೆ ಇಲ್ಲ ಎಂದು ನಂಬಿರುವವರು ಬಹಳ. ಈ ಸಂಖ್ಯೆಯ ಮೂಲ ಗೊತ್ತಿದ್ದರೆ ಆ ನಂಬಿಕೆ ಸಡಿಲವಾಗುತ್ತದೆ. ರಿಸರ್ವ್ ಬ್ಯಾಂಕ್ 1974ರಲ್ಲಿ ನೇಮಿಸಿದ ಟಂಡನ್ ಅಧ್ಯಯನ ತಂಡವು ದುಡಿಮೆ ಬಂಡವಾಳದ ಸಾಲವನ್ನು ಅಳೆಯಲು ಕೆಲವು ವಿಧಾನಗಳನ್ನು ಸೂಚಿಸಿತು. ಅವುಗಳಲ್ಲಿ ಎರಡನೆಯದರ ಪ್ರಕಾರ, ಚಾಲ್ತಿ ಆಸ್ತಿಯ ಕಾಲುಭಾಗವನ್ನು ಉದ್ಯಮಿ ತನ್ನ ದೀರ್ಘಾವಧಿ ಹಣದಿಂದ ತುಂಬಬೇಕು. ಉಳಿದ ಮುಕ್ಕಾಲು ಭಾಗಕ್ಕೆ ಮಾತ್ರ ಪೂರೈಕೆದಾರರ ಉದ್ದರಿಯೂ ಬ್ಯಾಂಕಿನ ಸಾಲವೂ ಒದಗಬಹುದು. ನೂರು ರೂಪಾಯಿ ಆಸ್ತಿಗೆ ಎಪ್ಪತ್ತೈದು ರೂಪಾಯಿ ಹೊಣೆ ಎಂದರೆ 100 ÷ 75 = 1.33.

ಅಂದರೆ ಇದು ಉದ್ಯಮಿ ಸ್ವಂತದ ಪಾಲನ್ನು ಹಾಕಿದ್ದಾನೆಯೇ ಎಂದು ಸಾಲ ಕೊಡುವವನು ನೋಡಲು ಎಳೆದ ಗೆರೆ. ಮುಂದಿನ ತಿಂಗಳ ಬಿಲ್ಲು ತೀರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರವಾಗಿ ಅದನ್ನು ಯಾರೂ ರೂಪಿಸಲಿಲ್ಲ. ಪಠ್ಯಪುಸ್ತಕಗಳ 2:1 ಕೂಡ ಅಮೆರಿಕದ ಬ್ಯಾಂಕರುಗಳ ಹಳೆಯ ರೂಢಿ. ಆಸ್ತಿ ಅರ್ಧ ಬೆಲೆಗೆ ಮಾರಿಹೋದರೂ ನಮ್ಮ ಸಾಲ ಬರಲಿ ಎಂಬ ಎಚ್ಚರಿಕೆ ಅದರ ಹಿಂದಿದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ನಗದಿಗೆ ಮಾರಿ, ಹಾಲು ತರಕಾರಿಯವರಿಗೆ ವಾರಕ್ಕೊಮ್ಮೆ ಹಣ ಕೊಡುವ ಬೆಂಗಳೂರಿನ ದರ್ಶಿನಿಯ ಚಾಲ್ತಿ ಅನುಪಾತ ಒಂದಕ್ಕಿಂತ ಕೆಳಗಿದ್ದರೂ ಅಲ್ಲಿ ಯಾರ ಬಾಕಿಯೂ ನಿಲ್ಲುವುದಿಲ್ಲ. ಫೌಂಡ್ರಿಗೆ ಆ ಸೌಲಭ್ಯವಿಲ್ಲ. ಗುಜರಿ ಕೊಂಡು, ಕರಗಿಸಿ, ಎರಕ ಹೊಯ್ದು, ಯಂತ್ರಕ್ಕೆ ಹಚ್ಚಿ, ಕಳಿಸಿ, ಗಿರಾಕಿ ಪರೀಕ್ಷೆ ಮಾಡಿ ಒಪ್ಪಿದ ಮೇಲೆ ಉದ್ದರಿ ದಿನಗಳ ಎಣಿಕೆ ಶುರು.

ಹೀಗಾಗಿ ಗೆರೆಯನ್ನು ಪಕ್ಕಕ್ಕಿಟ್ಟು ಅಂಕಿಯ ಒಳಗನ್ನು ನೋಡಬೇಕು.

ಎರಡನೆಯ ಪರೀಕ್ಷೆ: ಮಾರ್ಚ್ 31ಕ್ಕಾಗಿ ಅಲಂಕಾರ ನಡೆದಿದೆಯೇ?

ಅನುಪಾತ ಒಂದೇ ದಿನದ ಚಿತ್ರ. ಆ ದಿನ ಯಾವುದೆಂದು ಎಲ್ಲರಿಗೂ ಮೊದಲೇ ಗೊತ್ತು. ಮಾರ್ಚ್ 30ರಂದು ದೊಡ್ಡ ಗಿರಾಕಿಯೊಬ್ಬರಿಂದ 40 ಲಕ್ಷ ವಸೂಲಿ ಮಾಡಿ, ಅಷ್ಟನ್ನೂ ಆ ದಿನವೇ ಪೂರೈಕೆದಾರರಿಗೆ ಕೊಟ್ಟುಬಿಟ್ಟರೆ ಏನಾಗುತ್ತದೆ ನೋಡಿ. ಆಸ್ತಿಯೂ ಹೊಣೆಯೂ ತಲಾ 40 ಇಳಿಯುತ್ತವೆ. 240 ಮತ್ತು 150 ಇದ್ದದ್ದು 200 ಮತ್ತು 110 ಆಗುತ್ತದೆ. ಚಾಲ್ತಿ ಅನುಪಾತ 1.60ರಿಂದ 1.82ಕ್ಕೆ ಏರುತ್ತದೆ. ಸಂಸ್ಥೆಗೆ ಒಂದು ರೂಪಾಯಿಯೂ ಹೆಚ್ಚು ಬಂದಿಲ್ಲ.

ಸ್ವಾರಸ್ಯ ಇರುವುದು ತ್ವರಿತ ಅನುಪಾತದಲ್ಲಿ. ಅದು 106 ÷ 150 ಇದ್ದದ್ದು 66 ÷ 110 ಆಗಿ, 0.71ರಿಂದ 0.60ಕ್ಕೆ ಇಳಿಯುತ್ತದೆ. ಒಂದಕ್ಕಿಂತ ಹೆಚ್ಚಿರುವ ಭಿನ್ನರಾಶಿಯ ಮೇಲೂ ಕೆಳಗೂ ಒಂದೇ ಮೊತ್ತ ಕಳೆದರೆ ಅದು ಏರುತ್ತದೆ, ಒಂದಕ್ಕಿಂತ ಕಡಿಮೆ ಇರುವುದು ಇಳಿಯುತ್ತದೆ, ಶಾಲೆಯ ಗಣಿತವೇ. ಆದ್ದರಿಂದ ಫೆಬ್ರವರಿಯಿಂದ ಮಾರ್ಚ್‌ಗೆ ಬರುವಾಗ ಚಾಲ್ತಿ ಅನುಪಾತ ಮೇಲಕ್ಕೂ ತ್ವರಿತ ಅನುಪಾತ ಕೆಳಕ್ಕೂ ಹೋಗಿದ್ದರೆ, ಮತ್ತು ಎರಡರ ಕೆಳಗಿನ ಒಟ್ಟು ಹೊಣೆ ಕುಗ್ಗಿದ್ದರೆ, ವರ್ಷಾಂತ್ಯದ ಪಾವತಿಯ ಕೈವಾಡವಿರಬಹುದು ಎಂದು ಅನುಮಾನಿಸಲು ಕಾರಣವಿದೆ. ದಾಸ್ತಾನು ಬೆಳೆದರೂ ಅನುಪಾತಗಳು ಹೀಗೆ ಬೇರ್ಪಡಬಹುದು, ಆದರೆ ಆಗ ಹೊಣೆ ಕುಗ್ಗುವುದಿಲ್ಲ. ಖಚಿತಪಡಿಸಿಕೊಳ್ಳಲು ಹನ್ನೆರಡು ತಿಂಗಳ ಕೊನೆಯ ಟ್ರಯಲ್ ಬ್ಯಾಲೆನ್ಸ್ ತೆಗೆದು ಎರಡೂ ಅನುಪಾತಗಳನ್ನು ಪಕ್ಕಪಕ್ಕ ಬರೆಯಿರಿ. ಮಾರ್ಚ್ ಒಂದೇ ಎದ್ದು ನಿಂತಿದ್ದರೆ ಉಳಿದ ಹನ್ನೊಂದನ್ನು ನಂಬಿ.

ನಮ್ಮ ಫೌಂಡ್ರಿಯಲ್ಲಿ ಹೀಗೆ ಆಗಿಲ್ಲ. ವರ್ಷವಿಡೀ ಚಾಲ್ತಿ ಅನುಪಾತ 1.55ರಿಂದ 1.65ರ ಒಳಗೇ ಓಡಾಡಿದೆ. ಹಾಗಾದರೆ ದೋಷ ಬಾಬ್ತುಗಳಲ್ಲೇ ಇರಬೇಕು.

ಮೂರನೆಯ ಪರೀಕ್ಷೆ: ಹೊಣೆಯ ಕಡೆ ಏನು ಬಿಟ್ಟುಹೋಗಿದೆ?

ಆಸ್ತಿಗಿಂತ ಮೊದಲು ಹೊಣೆಯನ್ನು ನೋಡುವುದು ಒಳ್ಳೆಯದು, ಏಕೆಂದರೆ ಇಲ್ಲಿ ತಪ್ಪು ಹುಡುಕಲು ಒಂದೇ ಕಾಗದ ಸಾಕು: ಟರ್ಮ್ ಲೋನಿನ ಮರುಪಾವತಿ ವೇಳಾಪಟ್ಟಿ. ಇಂಡಕ್ಷನ್ ಫರ್ನೇಸ್‌ಗಾಗಿ ತೆಗೆದ ಸಾಲ ಇಡಿಯಾಗಿ ದೀರ್ಘಾವಧಿ ಸಾಲ ಎಂಬ ತಲೆಬರಹದಡಿ ಕುಳಿತಿರುತ್ತದೆ. ಆದರೆ ಅದರಲ್ಲಿ ಮುಂದಿನ ಹನ್ನೆರಡು ತಿಂಗಳಲ್ಲಿ ಕಟ್ಟಬೇಕಾದ ಕಂತುಗಳು ಚಾಲ್ತಿ ಹೊಣೆ. ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿಯ ಪ್ರಕಾರ ಕಂಪನಿಗಳು ಇದನ್ನು ಬೇರ್ಪಡಿಸಿ ಅಲ್ಪಾವಧಿ ಸಾಲದೊಳಗೆ ತೋರಿಸಬೇಕು. ಪಾಲುದಾರಿಕೆ ಮತ್ತು ಒಡೆತನದ ಸಂಸ್ಥೆಗಳ ಲೆಕ್ಕದಲ್ಲಿ ಈ ಶಿಸ್ತು ಅನೇಕ ಸಲ ಕಾಣುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಮೂರು ತಿಂಗಳಿಗೊಮ್ಮೆ 5 ಲಕ್ಷದ ಕಂತು, ವರ್ಷಕ್ಕೆ 20 ಲಕ್ಷ. ಸೇರಿಸಿದರೆ ಹೊಣೆ 170 ಆಗುತ್ತದೆ. ಚಾಲ್ತಿ ಅನುಪಾತ 1.41ಕ್ಕೆ, ತ್ವರಿತ ಅನುಪಾತ 0.62ಕ್ಕೆ ಬಂತು. ಆಸ್ತಿಯನ್ನು ಇನ್ನೂ ಮುಟ್ಟಿಲ್ಲ.

ಇದೇ ಹೊತ್ತಿನಲ್ಲಿ ಪೂರೈಕೆದಾರರ 60 ಲಕ್ಷವನ್ನೂ ದಿನಗಳಾಗಿ ಬದಲಿಸಿ ನೋಡಿ. ವರ್ಷದ ಖರೀದಿ 260 ಲಕ್ಷ. 60ನ್ನು 260ರಿಂದ ಭಾಗಿಸಿ 365ರಿಂದ ಗುಣಿಸಿದರೆ 84 ದಿನ. ಉದ್ದರಿಯ ಮಾತು ಆಗಿರುವುದು 45 ದಿನಕ್ಕೆ. 45 ದಿನಗಳ ಖರೀದಿ ಎಂದರೆ ಸುಮಾರು 32 ಲಕ್ಷ. ಉಳಿದ 28 ಲಕ್ಷ ಗಡುವು ಮೀರಿದ ಬಾಕಿ. ಅನುಪಾತ ಈ ವ್ಯತ್ಯಾಸವನ್ನು ತೋರಿಸುವುದೇ ಇಲ್ಲ: ನಾಳೆ ಕೊಡಬೇಕಾದದ್ದೂ ನಿನ್ನೆಯೇ ಕೊಡಬೇಕಿದ್ದದ್ದೂ ಒಂದೇ ಮೊತ್ತದಲ್ಲಿ ಸೇರಿಹೋಗಿರುತ್ತವೆ. ಈ ಬಾಕಿಯಲ್ಲಿ ಸಣ್ಣ ಜಾಬ್‌ವರ್ಕ್ ಘಟಕಗಳದ್ದು ಇದ್ದರೆ ಇನ್ನೊಂದು ಅಪಾಯವಿದೆ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ 45 ದಿನ ಮೀರಿಸಿ ಹಣ ಕೊಟ್ಟರೆ, 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ತೆರಬೇಕು, ಅದೂ ತಿಂಗಳ ಚಕ್ರಬಡ್ಡಿ. ಪುಸ್ತಕದಲ್ಲಿ ಈ ಬಡ್ಡಿಯನ್ನು ಬರೆದಿಟ್ಟವರನ್ನು ಕಾಣುವುದು ಅಪರೂಪ.

ನಾಲ್ಕನೆಯ ಪರೀಕ್ಷೆ: ಆಸ್ತಿಯಲ್ಲಿ ನಿಜವಾಗಿ ನಗದಾಗುವುದೆಷ್ಟು?

ಇದಕ್ಕೆ ಹೆಚ್ಚು ಸಮಯ ಕೊಡಬೇಕು, ಮತ್ತು ಕುರ್ಚಿಯಿಂದ ಏಳಬೇಕು. ದಾಸ್ತಾನಿನ ಪಟ್ಟಿ ಹಿಡಿದು ಶೆಡ್ಡಿಗೆ ಹೋಗಿ. 120 ಲಕ್ಷದಲ್ಲಿ ಕಚ್ಚಾಮಾಲು 30, ಅರ್ಧ ತಯಾರಾದದ್ದು 25, ಸಿದ್ಧ ಎರಕ 65. ಸಿದ್ಧ ಎರಕದ ರಾಶಿಯಲ್ಲಿ ಯಾವುದು ತುಕ್ಕು ಹಿಡಿದಿದೆ ಎಂದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ನಮ್ಮಲ್ಲಿ 28 ಲಕ್ಷದ ಪಂಪ್ ಕವಚಗಳು ಒಬ್ಬ ಗಿರಾಕಿಗಾಗಿ ಹೊಯ್ದವು. ಆತ ಡ್ರಾಯಿಂಗ್ ಬದಲಿಸಿದ. ಹಳೆಯ ಅಳತೆಯ ಮಾಲನ್ನು ಬೇರೆ ಯಾರೂ ಕೊಳ್ಳುವುದಿಲ್ಲ. ಅವುಗಳ ಬೆಲೆ ಈಗ ಗುಜರಿ ಬೆಲೆ, 8 ಲಕ್ಷ. 20 ಲಕ್ಷ ಕಳೆಯಿರಿ. ದಾಸ್ತಾನನ್ನು ತಯಾರಿಕಾ ವೆಚ್ಚ ಅಥವಾ ಮಾರಿದರೆ ಬರುವ ನಿವ್ವಳ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಹಿಡಿಯಬೇಕೆಂಬುದು ಲೆಕ್ಕಶಾಸ್ತ್ರದ ಮೂಲ ನಿಯಮ. ಆದರೆ ಕಳೆದರೆ ಲಾಭವೂ ಕಡಿಮೆಯಾಗುತ್ತದೆ ಎಂಬ ಭಯದಿಂದ ಯಾರೂ ಆ ರಾಶಿಯ ಹತ್ತಿರ ಹೋಗುವುದಿಲ್ಲ.

ಮುಂದಿನದು ಗಿರಾಕಿ ಬಾಕಿ. ಒಟ್ಟು ಮೊತ್ತ ನೋಡಬೇಡಿ, ಬಿಲ್ಲಿನ ವಯಸ್ಸು ನೋಡಿ. 45 ದಿನದೊಳಗಿನವು 48 ಲಕ್ಷ, 46ರಿಂದ 90 ದಿನದವು 22, 91ರಿಂದ 180 ದಿನದವು 12, ಆರು ತಿಂಗಳು ಮೀರಿದವು 18. ಈ ಕೊನೆಯ 18 ಲಕ್ಷದ ಹಿಂದೆ ಒಂದು ತಕರಾರಿದೆ: ಎರಕದಲ್ಲಿ ಗಾಳಿಗುಳ್ಳೆ ಬಂದಿದೆ ಎಂದು ಗಿರಾಕಿ ಮಾಲು ತಿರಸ್ಕರಿಸಿ, ಆ ಮೊತ್ತ ಕೊಡುವುದಿಲ್ಲವೆಂದು ಡೆಬಿಟ್ ನೋಟ್ ಕಳಿಸಿದ್ದಾನೆ, ಫೌಂಡ್ರಿ ಅದನ್ನು ಪುಸ್ತಕಕ್ಕೆ ಏರಿಸಿಲ್ಲ. ತಕರಾರು ಮುಗಿಯುವವರೆಗೆ 18ನ್ನು ಪೂರ್ತಿ ಹೊರಗಿಡಿ. ತ್ವರಿತ ಅನುಪಾತದ ದೌರ್ಬಲ್ಯ ಇಲ್ಲಿ ಕಾಣುತ್ತದೆ. ದಾಸ್ತಾನನ್ನು ಅನುಮಾನದಿಂದ ನೋಡುವ ಆ ಅನುಪಾತ, ಗಿರಾಕಿ ಬಾಕಿಯನ್ನು ಕಣ್ಣುಮುಚ್ಚಿ ನಂಬುತ್ತದೆ. ಆರು ತಿಂಗಳ ಹಳೆಯ ತಕರಾರಿನ ಬಿಲ್ಲಿಗಿಂತ ಅಂಗಳದಲ್ಲಿರುವ ಬೀಡು ಕಬ್ಬಿಣ ಎಷ್ಟೋ ಬೇಗ ನಗದಾಗುತ್ತದೆ.

ಇನ್ನುಳಿದ 14 ಲಕ್ಷದಲ್ಲಿ 6 ಲಕ್ಷ ಹೊಸ ಯಂತ್ರಕ್ಕೆ ಕೊಟ್ಟ ಮುಂಗಡ. ಅದು ಹಣವಾಗಿ ಹಿಂದಿರುಗುವುದಿಲ್ಲ, ಯಂತ್ರವಾಗಿ ಬರುತ್ತದೆ, ಚಾಲ್ತಿ ಆಸ್ತಿಯಲ್ಲ. ವಿದ್ಯುತ್ ಠೇವಣಿ 2 ಲಕ್ಷವೂ ಹಾಗೆಯೇ. 8 ಕಳೆಯಿರಿ. ನಗದು ಮತ್ತು ಬ್ಯಾಂಕ್ ಎಂಬ 6 ಲಕ್ಷದಲ್ಲಿ 4 ಲಕ್ಷ ಬ್ಯಾಂಕ್ ಗ್ಯಾರಂಟಿಗೆ ಅಡವಿಟ್ಟ ಠೇವಣಿ. ಗ್ಯಾರಂಟಿ ಮುಗಿಯಲು ಇನ್ನೂ ಎರಡು ವರ್ಷ ಇದೆ. ಅದನ್ನೂ ಕಳೆಯಿರಿ.

ಈಗ ಉಳಿದ ಚಾಲ್ತಿ ಆಸ್ತಿ 240 − 20 − 18 − 8 − 4 = 190. ಹೊಣೆ 170. ಚಾಲ್ತಿ ಅನುಪಾತ 1.12. ತ್ವರಿತ ಆಸ್ತಿ ಎಂದರೆ 82 ಲಕ್ಷದ ಗಿರಾಕಿ ಬಾಕಿ ಮತ್ತು 2 ಲಕ್ಷ ನಗದು; 84 ÷ 170 = 0.49. ಮಾಲೀಕರು 90 ಲಕ್ಷವಿದೆ ಎಂದುಕೊಂಡಿದ್ದ ನಿವ್ವಳ ದುಡಿಮೆ ಬಂಡವಾಳ 20 ಲಕ್ಷವಷ್ಟೇ.

ಒಂದು ಸಣ್ಣ ತಿದ್ದುಪಡಿ ಫೌಂಡ್ರಿಯ ಪರವಾಗಿಯೂ ಇದೆ. ಗಿರಾಕಿಗಳು ಕೊಟ್ಟ 8 ಲಕ್ಷದ ಮುಂಗಡವನ್ನು ಎರಕ ಕಳಿಸಿ ತೀರಿಸುತ್ತಾರೆ, ಹಣದಿಂದಲ್ಲ. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ತ್ವರಿತ ಅನುಪಾತ 0.52. ಸಮಾಧಾನಪಡುವಷ್ಟು ವ್ಯತ್ಯಾಸವೇನೂ ಇಲ್ಲ.

ಐದನೆಯ ಪರೀಕ್ಷೆ: ಕ್ಯಾಶ್ ಕ್ರೆಡಿಟ್‌ನಲ್ಲಿ ಎಷ್ಟು ಉಸಿರು ಉಳಿದಿದೆ?

ಇಲ್ಲಿಯವರೆಗೆ ಕಂಡದ್ದು ಸಂಸ್ಥೆ ಏಕೆ ಬಿಗಿಯಾಗಿದೆ ಎಂಬುದು. ಸರಿಯಾಗಿ ಏಪ್ರಿಲ್ ಮೊದಲ ವಾರವೇ ಏಕೆ ಕಟ್ಟಿಹೋಯಿತು ಎಂಬುದಕ್ಕೆ ಉತ್ತರ ಡ್ರಾಯಿಂಗ್ ಪವರ್‌ನಲ್ಲಿದೆ, ಅಂದರೆ ದಾಸ್ತಾನು ಮತ್ತು ಗಿರಾಕಿ ಬಾಕಿಯ ಆಧಾರದ ಮೇಲೆ ಆ ಹೊತ್ತಿಗೆ ಬ್ಯಾಂಕು ಎಳೆಯಲು ಬಿಡುವ ಮೊತ್ತದಲ್ಲಿ.

ಕ್ಯಾಶ್ ಕ್ರೆಡಿಟ್ ಹೊಣೆಯ ಪಟ್ಟಿಯಲ್ಲಿದ್ದರೂ ಅದನ್ನು ಏಪ್ರಿಲ್‌ನಲ್ಲಿ ಯಾರೂ ತೀರಿಸುವುದಿಲ್ಲ. ವರ್ಷಕ್ಕೊಮ್ಮೆ ನವೀಕರಣವಾಗುತ್ತಾ ಹೋಗುತ್ತದೆ. ಆದ್ದರಿಂದ ತ್ವರಿತ ಅನುಪಾತದ ಕೆಳಭಾಗದಿಂದ ಅದನ್ನು ತೆಗೆಯಬೇಕೆಂದು ವಾದಿಸುವವರಿದ್ದಾರೆ. ತೆಗೆದರೆ 84 ÷ 100 = 0.84, ಒಮ್ಮೆಲೇ ಚೆಂದ ಕಾಣುತ್ತದೆ. ಖಾತೆ ಕ್ರಮವಾಗಿ ನಡೆಯುತ್ತಿರುವಷ್ಟು ಕಾಲ ಈ ವಾದ ಸರಿ. ಆದರೆ ಆ ಸಾಲದ ಮಿತಿ ಪ್ರತಿ ತಿಂಗಳೂ ನೀವು ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನ ಮೇಲೆ ನಿಂತಿದೆ, ಅದು ಕುಸಿದ ದಿನ ವಾದವೂ ಕುಸಿಯುತ್ತದೆ.

ಈ ಫೌಂಡ್ರಿಗೆ ಮಂಜೂರಾದ ಮಿತಿ 80 ಲಕ್ಷ, ಬಳಸಿರುವುದು 70. ಬ್ಯಾಂಕಿನ ಷರತ್ತು ಹೀಗಿದೆ ಎಂದುಕೊಳ್ಳಿ: ದಾಸ್ತಾನಿನಿಂದ ಪೂರೈಕೆದಾರರ ಬಾಕಿ ಕಳೆದು ಉಳಿದದ್ದರಲ್ಲಿ ಶೇಕಡಾ 75, ಮತ್ತು 90 ದಿನದೊಳಗಿನ ಗಿರಾಕಿ ಬಾಕಿಯಲ್ಲಿ ಶೇಕಡಾ 60. ಈ ಶೇಕಡಾವಾರು ಪ್ರಮಾಣ ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುತ್ತದೆ, ಮಂಜೂರಾತಿ ಪತ್ರದಲ್ಲಿ ನೋಡಿಕೊಳ್ಳಬೇಕು. ಮಾಲೀಕರ ಲೆಕ್ಕದಲ್ಲಿ ದಾಸ್ತಾನು (120 − 60) × 0.75 = 45, ಗಿರಾಕಿ ಬಾಕಿ 70 × 0.60 = 42; ಒಟ್ಟು 87. ಮಿತಿ 80 ಇರುವುದರಿಂದ ಇನ್ನೂ 10 ಲಕ್ಷ ಎಳೆಯಬಹುದು ಎಂದು ಅವರು ಧೈರ್ಯವಾಗಿದ್ದರು.

ಮಾರ್ಚ್ ಕೊನೆಯಲ್ಲಿ ಬ್ಯಾಂಕಿನವರು ದಾಸ್ತಾನು ಪರಿಶೀಲನೆಗೆ ಬಂದರು. ತುಕ್ಕು ಹಿಡಿದ ಕವಚಗಳು ಅವರ ಕಣ್ಣಿಗೂ ಬಿದ್ದವು. 20 ಲಕ್ಷ ಹೊಡೆದು ಹಾಕಿದರು. ಈಗ (100 − 60) × 0.75 = 30, ಜೊತೆಗೆ ಆ 42; ಡ್ರಾಯಿಂಗ್ ಪವರ್ 72. ಹತ್ತು ಲಕ್ಷವಿದ್ದ ಅವಕಾಶ ಎರಡು ಲಕ್ಷಕ್ಕೆ ಇಳಿಯಿತು. ಚೆಕ್ ಹಿಂದಿರುಗಿದ್ದು ಇದರಿಂದ. ಬ್ಯಾಲೆನ್ಸ್ ಶೀಟಿನಲ್ಲಿ ಈ ಎಂಟು ಲಕ್ಷದ ನಷ್ಟ ಎಲ್ಲೂ ಕಾಣುವುದಿಲ್ಲ, ಏಕೆಂದರೆ ಬಳಸದ ಸಾಲದ ಅವಕಾಶ ಆಸ್ತಿಯೂ ಅಲ್ಲ, ಹೊಣೆಯೂ ಅಲ್ಲ. ಎರಡೂ ಅನುಪಾತಗಳಿಗೆ ಅದು ಅಗೋಚರ.

ಆರನೆಯ ಪರೀಕ್ಷೆ: ತಾರೀಖು ಹಾಕಿ ನೋಡಿ

ಅನುಪಾತಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ. ಏಪ್ರಿಲ್ 7ಕ್ಕೆ ಕೊಡಬೇಕಾದ ಸಂಬಳವನ್ನೂ ಮುಂದಿನ ಜನವರಿಯ ಕಂತನ್ನೂ ಅದು ಒಂದೇ ತೂಕದಲ್ಲಿ ಹಿಡಿಯುತ್ತದೆ. ಆದ್ದರಿಂದ ಕೊನೆಗೆ ಒಂದು ಹಾಳೆ ತೆಗೆದುಕೊಂಡು ಒಂದೇ ತಿಂಗಳ ಬರುವುದು ಹೋಗುವುದನ್ನು ತಾರೀಖಿನ ಪ್ರಕಾರ ಬರೆಯಬೇಕು.

ಕೈಯಲ್ಲಿರುವುದು 2 ಲಕ್ಷ ನಗದು, 2 ಲಕ್ಷ ಕ್ಯಾಶ್ ಕ್ರೆಡಿಟ್ ಅವಕಾಶ, ಒಟ್ಟು 4. ಗಿರಾಕಿಗಳ ಹಿಂದಿನ ನಡವಳಿಕೆ ನೋಡಿದರೆ ಏಪ್ರಿಲ್‌ನಲ್ಲಿ 38 ಲಕ್ಷ ಬರಬಹುದು, ಅದರಲ್ಲಿ ಮೊದಲ ವಾರ ಬರುವುದು 6 ಮಾತ್ರ. ಕೊಡಬೇಕಾದದ್ದರಲ್ಲಿ ಸಂಬಳ 6 ಲಕ್ಷ 7ನೇ ತಾರೀಖಿಗೆ, ಪಿಎಫ್ ಮತ್ತು ಇಎಸ್‌ಐ 1 ಲಕ್ಷ 15ಕ್ಕೆ, ಜಿಎಸ್‌ಟಿ 2 ಲಕ್ಷ 20ಕ್ಕೆ, ವಿದ್ಯುತ್ ಬಿಲ್ 3 ಲಕ್ಷ ಅದೇ ವಾರ, ಸಾಲದ ಕಂತು 5 ಲಕ್ಷ 30ಕ್ಕೆ. ಪೂರೈಕೆದಾರರಿಗೆ ಗಡುವು ಮೀರಿದ 28, ಏಪ್ರಿಲ್‌ನಲ್ಲೇ ಗಡುವಿಗೆ ಬರುವ 21.

ಮೊದಲ ವಾರ ಇರುವುದು 10 ಲಕ್ಷ. ಸಂಬಳ 6, ಕೊಡದಿದ್ದರೆ ಮಾಲು ಇಳಿಸುವುದಿಲ್ಲ ಎಂದ ಗುಜರಿಯವರಿಗೆ 9, ಒಟ್ಟು 15. ಐದು ಲಕ್ಷ ಕೊರತೆ. ತಿಂಗಳಿಡೀ ನೋಡಿದರೆ 42 ಲಕ್ಷದ ಎದುರು 66 ಲಕ್ಷ, ಕೊರತೆ 24. ಈ 24ನ್ನು ಗಡುವು ಮೀರಿದ 28ರ ಪಕ್ಕದಲ್ಲಿಡಿ. ಹಳೆಯ ಬಾಕಿಯವರು ಇನ್ನೊಂದು ತಿಂಗಳು ಸುಮ್ಮನಿದ್ದರೆ ಏಪ್ರಿಲ್ ದಾಟುತ್ತದೆ, ಇಲ್ಲವಾದರೆ ಇಲ್ಲ. ಈ ಸಂಸ್ಥೆ ನಡೆಯುತ್ತಿರುವುದು ಪೂರೈಕೆದಾರರ ತಾಳ್ಮೆಯ ಮೇಲೆ.

ಅಪಾಯದ ಸುಳಿ ಇಲ್ಲೇ ಇದೆ. ಗುಜರಿ ಬಾರದೆ ಎರಕ ನಿಂತರೆ ಹೊಸ ಬಿಲ್ಲು ಏಳುವುದಿಲ್ಲ. ಹಳೆಯ ಬಿಲ್ಲು ವಸೂಲಾದಂತೆಲ್ಲ, ಅದರ ಜಾಗಕ್ಕೆ ಹೊಸದು ಬಾರದಿದ್ದರೆ, ವಸೂಲಾದ ಪ್ರತಿ ರೂಪಾಯಿಗೆ 60 ಪೈಸೆ ಡ್ರಾಯಿಂಗ್ ಪವರ್ ಇಳಿಯುತ್ತದೆ. ವಸೂಲಿ ಹಣ ಖಾತೆಗೆ ಬಿದ್ದರೂ ಹೊರತೆಗೆಯಲು ಸಿಗುವುದು 40 ಪೈಸೆ.

ಏನು ಮಾಡಬಹುದು, ಯಾವ ಕ್ರಮದಲ್ಲಿ

ಹಳೆಯ ಕವಚಗಳನ್ನು ಮೊದಲು ಕುಲುಮೆಗೆ ಹಾಕಿ. ಬೇರೆ ವ್ಯಾಪಾರದವರಿಗೆ ಇಲ್ಲದ ಅನುಕೂಲ ಇದು: ಫೌಂಡ್ರಿಯ ಸತ್ತ ದಾಸ್ತಾನು ಅದರದೇ ಕಚ್ಚಾಮಾಲು. 8 ಲಕ್ಷದ ಗುಜರಿ ಕೊಳ್ಳುವುದು ತಪ್ಪುತ್ತದೆ, ಆ ಹಣ ಹಳೆಯ ಬಾಕಿಗೆ ಹೋಗುತ್ತದೆ. ಗ್ರೇ ಐರನ್ ಎರಕವನ್ನು ಎಸ್‌ಜಿ ಐರನ್ ಕರಗಿಗೆ ಬೆರೆಸದಂತೆ ಮಾತ್ರ ಎಚ್ಚರವಿರಲಿ. ಗಂಧಕ ಹೆಚ್ಚಿ ಮಾಲು ಕೆಟ್ಟರೆ ಇನ್ನೊಂದು ಡೆಬಿಟ್ ನೋಟ್ ಬರುತ್ತದೆ.

18 ಲಕ್ಷದ ತಕರಾರನ್ನು ಬಗೆಹರಿಸಿ. ಗಿರಾಕಿಯೂ ಪೂರ್ತಿ ತಿರಸ್ಕರಿಸಲಾರ, ನೀವೂ ಪೂರ್ತಿ ವಸೂಲಿ ಮಾಡಲಾರಿರಿ. 11 ಲಕ್ಷಕ್ಕೆ ಒಪ್ಪಂದವಾದರೆ ಪುಸ್ತಕದಲ್ಲಿ 7 ಲಕ್ಷ ನಷ್ಟ, ಕೈಯಲ್ಲಿ 11 ಲಕ್ಷ ಹಣ. ಈ ಫೌಂಡ್ರಿಗೆ ಈಗ ಎರಡನೆಯದೇ ಮುಖ್ಯ. ತಕರಾರಿಲ್ಲದ ಬಾಕಿ ತಡವಾಗುತ್ತಿದ್ದರೆ, ಗಿರಾಕಿ ದೊಡ್ಡ ಕಂಪನಿಯಾಗಿದ್ದು, ಸಣ್ಣ ಉದ್ಯಮಗಳ ಬಿಲ್ಲುಗಳಿಗೆ ಹಣಕಾಸು ಸಂಸ್ಥೆಗಳು ಮುಂಚಿತವಾಗಿ ಹಣ ಕೊಡುವ ಟ್ರೆಡ್ಸ್ ವೇದಿಕೆಯಲ್ಲಿದ್ದರೆ, ಅವರು ಒಪ್ಪಿದ ಬಿಲ್ಲನ್ನು ಅಲ್ಲಿ ವಟಾಯಿಸಿ ಹಣ ಪಡೆಯಬಹುದು.

ಮೂರನೆಯದು ಬ್ಯಾಂಕಿನೊಂದಿಗೆ ಮಾತುಕತೆ, ಮತ್ತು ಅದಕ್ಕೆ ಹೊತ್ತು ಮುಖ್ಯ. ಕ್ಯಾಶ್ ಕ್ರೆಡಿಟ್‌ನ ಒಂದು ಭಾಗ ಯಂತ್ರದ ಮುಂಗಡಕ್ಕೂ ಸತ್ತ ದಾಸ್ತಾನಿಗೂ ಸಿಕ್ಕಿಬಿದ್ದಿದೆ. ಅಂಥ 18 ಲಕ್ಷವನ್ನು ಮೂರು ವರ್ಷದ ದುಡಿಮೆ ಬಂಡವಾಳ ಟರ್ಮ್ ಲೋನಾಗಿ ಬೇರ್ಪಡಿಸಲು ಕೇಳಬಹುದು. ಆಗ ವರ್ಷಕ್ಕೆ 6 ಲಕ್ಷ ಮಾತ್ರ ಚಾಲ್ತಿ ಹೊಣೆಯಲ್ಲಿ ಉಳಿಯುತ್ತದೆ, 12 ಲಕ್ಷ ಆಚೆ ಹೋಗುತ್ತದೆ. ಬ್ಯಾಂಕು ಮಿತಿಯನ್ನು 62ಕ್ಕೆ ಇಳಿಸಿದರೂ ಬಳಸಿದ್ದು 52 ಆಗಿರುವುದರಿಂದ 10 ಲಕ್ಷ ಉಸಿರಾಟ ಸಿಗುತ್ತದೆ. ಇದನ್ನು ಖಾತೆ ಕ್ರಮವಾಗಿರುವಾಗಲೇ ಕೇಳಬೇಕು. ಬಾಕಿ ಸತತ 90 ದಿನ ಮಿತಿ ಅಥವಾ ಡ್ರಾಯಿಂಗ್ ಪವರ್ ಮೀರಿ ನಿಂತರೆ ಖಾತೆ ಎನ್‌ಪಿಎ ಆಗುತ್ತದೆ, ಆಮೇಲೆ ಮಾತಿನ ಧಾಟಿಯೇ ಬೇರೆ.

ಈ ತಿಂಗಳ ಜಿಎಸ್‌ಟಿ ನಿಲ್ಲಿಸಿ ಸಂಬಳ ಕೊಡುತ್ತೇನೆ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ವರ್ಷಕ್ಕೆ ಶೇಕಡಾ 18ರ ಬಡ್ಡಿಗಿಂತ ಅಲ್ಲಿ ದೊಡ್ಡ ಪೆಟ್ಟು ಬೇರೆಯಿದೆ: ರಿಟರ್ನ್ ಸಲ್ಲಿಸದೆ ಉಳಿದರೆ ನಿಮ್ಮ ಗಿರಾಕಿಗೆ ತೆರಿಗೆ ಜಮೆ ತೊಡಕಾಗುತ್ತದೆ, ಆತ ನಿಮ್ಮ ಬಿಲ್ಲನ್ನು ಹಿಡಿದಿಡುತ್ತಾನೆ. ಎರಡು ಲಕ್ಷ ಉಳಿಸಲು ಹೋಗಿ ಇಪ್ಪತ್ತು ಲಕ್ಷದ ವಸೂಲಿ ನಿಲ್ಲುತ್ತದೆ.

ಸರಿಯಾಯಿತೇ ಎಂದು ಮತ್ತೆ ಅಳೆಯುವುದು

ಮೂರೂ ಕೆಲಸ ಆದರೆ, ಉಳಿದದ್ದು ಹಾಗೆಯೇ ಇದೆ ಎಂದು ಹಿಡಿದು, ಅಂಕಿ ಹೀಗೆ ಚಲಿಸುತ್ತದೆ. ಟರ್ಮ್ ಲೋನ್ ಬೇರ್ಪಟ್ಟಾಗ ಹೊಣೆ 170ರಿಂದ 158ಕ್ಕೆ, ಚಾಲ್ತಿ ಅನುಪಾತ 1.20ಕ್ಕೆ. ತಕರಾರಿನಿಂದ ಬಂದ 11 ಲಕ್ಷ ಪೂರೈಕೆದಾರರಿಗೆ ಹೋದಾಗ ಹೊಣೆ 147, ಅನುಪಾತ 1.29. ಎರಕ ಕರಗಿಸಿ ಉಳಿಸಿದ 8 ಲಕ್ಷವೂ ಬಾಕಿಗೆ ಹೋದಾಗ ಆಸ್ತಿ 182, ಹೊಣೆ 139, ಅನುಪಾತ 1.31, ತ್ವರಿತ ಅನುಪಾತ 0.60. ಗಡುವು ಮೀರಿದ 28 ಲಕ್ಷ 9ಕ್ಕೆ ಇಳಿದಿರುತ್ತದೆ.

ಗಮನಿಸಿ, 1.31 ಎಂಬುದು ಮೊದಲಿನ 1.60ಕ್ಕಿಂತ ಕಡಿಮೆ, ಬ್ಯಾಂಕಿನ 1.33ಕ್ಕಿಂತಲೂ ಕೂದಲೆಳೆ ಕೆಳಗೆ. ನವೀಕರಣದ ಹೊತ್ತಿಗೆ ಶಾಖಾ ವ್ಯವಸ್ಥಾಪಕರು ಅನುಪಾತ ಏಕೆ ಇಳಿದಿದೆ ಎಂದು ಖಂಡಿತ ಕೇಳುತ್ತಾರೆ. ಸಂಸ್ಥೆ ಕಂಪನಿಯಾಗಿದ್ದರೆ, 2021ರ ತಿದ್ದುಪಡಿಯ ನಂತರ, ಅನುಪಾತ ಹಿಂದಿನ ವರ್ಷಕ್ಕಿಂತ ಶೇಕಡಾ 25ಕ್ಕೂ ಹೆಚ್ಚು ಬದಲಾದರೆ ಟಿಪ್ಪಣಿಯಲ್ಲಿ ಕಾರಣ ಬರೆಯಲೇಬೇಕು. ಇಲ್ಲಿ ಇಳಿಕೆ ಶೇಕಡಾ 18ರಷ್ಟು, ಆದ್ದರಿಂದ ಕಡ್ಡಾಯವಲ್ಲ. ಆದರೂ ಕವಚ, ತಕರಾರು, ಕಂತು ಮೂರನ್ನೂ ಮೊತ್ತ ಸಮೇತ ಒಂದು ಪುಟದಲ್ಲಿ ಬರೆದು, ಬಿಲ್ಲುಗಳ ವಯಸ್ಸಿನ ಪಟ್ಟಿಯನ್ನೂ ಮುಂದಿನ ಮೂರು ತಿಂಗಳ ತಾರೀಖುವಾರು ಹಾಳೆಯನ್ನೂ ಜೊತೆಗಿಟ್ಟು, ಅವರು ಕೇಳುವ ಮೊದಲೇ ಕೊಡುವುದು ಲೇಸು.